ಸೀರೀಸ್ ಟರ್ಮಿನೇಶನ್ (ಕ್ಲಾಕ್ ಟ್ರೇಸ್‌ಗಳಲ್ಲಿ)

ಪಿಸಿಬಿಯ ಮೇಲೆ ಸಂಕೇತ ಕಳುಹಿಸುವ ಚಿಪ್‌ನ ಪಿನ್‌ಗೆ ತೀರ ಹತ್ತಿರದಲ್ಲಿ, ಟ್ರೇಸ್‌ನೊಂದಿಗೆ ಸರಣಿಯಾಗಿ, ಒಂದು ಚಿಕ್ಕ ರೆಸಿಸ್ಟರ್ ಜೋಡಿಸುವ ಕ್ರಮಕ್ಕೆ ಸೀರೀಸ್ ಟರ್ಮಿನೇಶನ್ ಎನ್ನುತ್ತಾರೆ. ಚಿಪ್‌ನ ಒಳಗಿನ ರೋಧ ಮತ್ತು ಈ ರೆಸಿಸ್ಟರ್ ಸೇರಿ ಟ್ರೇಸ್‌ನ ಇಂಪೀಡೆನ್ಸ್‌ಗೆ ಸಮನಾಗಬೇಕು. ಹಾಗಾದಾಗ, ಟ್ರೇಸ್‌ನ ಕೊನೆಯಿಂದ ಹಿಂತಿರುಗಿ ಬರುವ ಅಲೆ ಮೂಲದಲ್ಲೇ ಹೀರಿಹೋಗುತ್ತದೆ. ಹೀರಿಹೋಗದಿದ್ದರೆ ಅದು ಟ್ರೇಸ್‌ನ ಎರಡು ತುದಿಗಳ ನಡುವೆ ಓಡಾಡುತ್ತ, ಸ್ವೀಕರಿಸುವ ಚಿಪ್‌ನ ಪಿನ್‌ನಲ್ಲಿ ವೋಲ್ಟೇಜನ್ನು ಪೂರೈಕೆಗಿಂತ ಮೇಲಕ್ಕೆ ಎಗರಿಸಿ, ಕೆಳಕ್ಕೆ ಇಳಿಸಿ, ಮತ್ತೆ ಏರಿಸುತ್ತದೆ. ಮೊದಲ ಎಗರಾಟ ಓವರ್‌ಶೂಟ್, ಆಮೇಲಿನ ಏರಿಳಿತ ರಿಂಗಿಂಗ್. ಕ್ಲಾಕ್‌ನ ವಿಷಯದಲ್ಲಿ ಈ ತೊಂದರೆ ಹೆಚ್ಚು ಗಂಭೀರ. ಡೇಟಾ ಸಾಲನ್ನು ಚಿಪ್ ಓದುವುದು ಏರಿಳಿತ ಅಡಗಿದ ಮೇಲೆ. ಕ್ಲಾಕ್‌ನಲ್ಲಾದರೆ ಅಂಚು ಬಂದ ಆ ಗಳಿಗೆಯೇ ಮುಖ್ಯ, ಅಂಚು ಅಲುಗಾಡಿದರೆ ಒಂದು ಅಂಚನ್ನು ಎರಡೆಂದು ಎಣಿಸುವ ಸಾಧ್ಯತೆ ಇರುತ್ತದೆ.

ಟ್ರೇಸ್ ಬರಿಯ ತಂತಿಯಾಗಿ ಉಳಿಯದಿರುವುದು ಯಾವಾಗ

ಸಾಮಾನ್ಯ ಎಫ್‌ಆರ್-4 ಬೋರ್ಡ್‌ನ ಮೇಲ್ಪದರದಲ್ಲಿ ಸಂಕೇತ ಒಂದು ಮಿಲಿಮೀಟರ್ ಸಾಗಲು ಸುಮಾರು 6 ಪಿಕೋಸೆಕೆಂಡ್ ಬೇಕು. ಒಳಪದರಗಳಲ್ಲಿ 7ರ ಹತ್ತಿರ. ಟ್ರೇಸ್‌ನ ಪ್ರತಿ ಮಿಲಿಮೀಟರಿನಲ್ಲೂ ಒಂದಿಷ್ಟು ಇಂಡಕ್ಟೆನ್ಸ್, ಒಂದಿಷ್ಟು ಕೆಪಾಸಿಟೆನ್ಸ್ ಇರುತ್ತದೆ. ಇವೆರಡರ ಅನುಪಾತದ ವರ್ಗಮೂಲವೇ ಆ ಟ್ರೇಸ್‌ನ ಲಾಕ್ಷಣಿಕ ಇಂಪೀಡೆನ್ಸ್ Z0. ಉದ್ದಕ್ಕೂ ಅಗಲ ಒಂದೇ ಇದ್ದು, ಕೆಳಗಿನ ಗ್ರೌಂಡ್ ಪದರ ಎಲ್ಲೂ ಕಡಿದುಹೋಗದಿದ್ದರೆ Z0 ಎಲ್ಲೆಡೆ ಒಂದೇ ಆಗಿರುತ್ತದೆ. 50 ಓಮ್‌ನ ಟ್ರೇಸ್‌ನಲ್ಲಿ ಮಿಲಿಮೀಟರಿಗೆ ಸುಮಾರು 0.3 ನ್ಯಾನೋಹೆನ್ರಿ ಮತ್ತು 0.12 ಪಿಕೋಫ್ಯಾರಡ್ ಇರುತ್ತದೆ.

ಅಂಚು ಏರಿ ಮುಗಿಯುವುದರೊಳಗೆ ಅಲೆ ಟ್ರೇಸ್‌ನ ಕೊನೆ ಮುಟ್ಟಿ ಹಿಂದಕ್ಕೆ ಬಂದುಬಿಟ್ಟರೆ ಪ್ರತಿಫಲನ ಏರುವ ಅಂಚಿನೊಳಗೇ ಕರಗಿಹೋಗುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಹೋಗಿಬರುವ ಸಮಯ ಅಂಚಿನ ಸಮಯವನ್ನು ಮೀರಿದರೆ ಪ್ರತಿಫಲನ ಪೂರ್ಣ ಎತ್ತರಕ್ಕೆ ಬೆಳೆಯುತ್ತದೆ. ಇವೆರಡರ ನಡುವೆ ಗೆರೆ ಎಳೆಯಲು ವಿನ್ಯಾಸಕಾರರು ಬಳಸುವ ಲೆಕ್ಕ ಹೀಗಿದೆ: ಅಂಚಿನ ಸಮಯದಲ್ಲಿ ಅಲೆ ಕ್ರಮಿಸುವ ದೂರದ ಆರನೆಯ ಒಂದು ಭಾಗಕ್ಕಿಂತ ಟ್ರೇಸ್ ಚಿಕ್ಕದಿದ್ದರೆ ಅದನ್ನು ತಂತಿ ಎಂದೇ ನೋಡಬಹುದು. ಒಂದು ನ್ಯಾನೋಸೆಕೆಂಡಿನ ಅಂಚಿಗೆ ಆ ಮಿತಿ ಸುಮಾರು 28 ಮಿಲಿಮೀಟರ್.

ಈ ಲೆಕ್ಕದಲ್ಲಿ ಕ್ಲಾಕ್‌ನ ಆವರ್ತನ ಎಲ್ಲೂ ಬಂದಿಲ್ಲ ಎಂಬುದನ್ನು ಗಮನಿಸಬೇಕು. ಒಂದು ಮೆಗಾಹರ್ಟ್ಸ್‌ನ ಕ್ಲಾಕ್ ನಿಧಾನವಾದುದು, ಅದಕ್ಕೆ ಟರ್ಮಿನೇಶನ್ ಬೇಡ ಎಂಬ ನಂಬಿಕೆ ಬಹಳ ಕಡೆ ಇದೆ, ಅದು ಸರಿಯಲ್ಲ. ಚಿಪ್ ಹೊಸ ತಲೆಮಾರಿನದಾದರೆ ಅದರ ಅಂಚು ಒಂದು ನ್ಯಾನೋಸೆಕೆಂಡೇ ಇರುತ್ತದೆ, ಮತ್ತು ರಿಂಗಿಂಗ್ ಹುಟ್ಟುವುದು ಅಂಚಿನಿಂದಲೇ. ಹಳೆಯ ಬೋರ್ಡ್‌ನಲ್ಲಿ ವರ್ಷಗಟ್ಟಲೆ ಸರಿಯಾಗಿ ನಡೆದ ವಿನ್ಯಾಸ, ಅದೇ ಚಿಪ್‌ನ ಹೊಸ ಆವೃತ್ತಿ ಹಾಕಿದಾಗ ಕೆಡುವುದಕ್ಕೆ ಅನೇಕ ಸಲ ಇದೇ ಕಾರಣ.

ತಂತಿಯಲ್ಲಿ ಓಡುವ ಅಲೆಯ ಗಣಿತ ಬೋರ್ಡ್‌ಗಳಿಗಿಂತ ಬಹಳ ಹಳೆಯದು. ಆಲಿವರ್ ಹೆವಿಸೈಡ್ 1880ರ ದಶಕದಲ್ಲಿ ಟೆಲಿಗ್ರಾಫ್ ತಂತಿಗಳಿಗಾಗಿ ಅದನ್ನು ಬರೆದರು. ಪ್ರತಿಫಲನಗಳನ್ನು ಒಂದೊಂದಾಗಿ ಕೂಡುತ್ತ ಹೋಗುವ ಜಾಲರಿ ಚಿತ್ರವನ್ನು ಎಲ್. ವಿ. ಬ್ಯೂಲಿ 1933ರ ತಮ್ಮ ಪುಸ್ತಕದಲ್ಲಿ, ವಿದ್ಯುತ್ ಸಾಗಣೆ ಮಾರ್ಗಗಳಲ್ಲಿ ಓಡುವ ಅಲೆಗಳ ಅಧ್ಯಯನಕ್ಕಾಗಿ ಕೊಟ್ಟರು. ಮುಂದಿನ ಉದಾಹರಣೆಯಲ್ಲಿ ಮಾಡುವ ಲೆಕ್ಕ ಅದೇ.

ಟರ್ಮಿನೇಶನ್ ಇಲ್ಲದ ಒಂದು ಕ್ಲಾಕ್

ಈಥರ್ನೆಟ್ ಇರುವ ಮೈಕ್ರೋಕಂಟ್ರೋಲರ್ ಬೋರ್ಡ್‌ಗಳಲ್ಲಿ ಆರ್‌ಎಂಐಐ ಎಂಬ ಸಂಪರ್ಕ ಸಾಮಾನ್ಯ. ಅದರಲ್ಲಿ 50 ಮೆಗಾಹರ್ಟ್ಸ್‌ನ ಒಂದೇ ಕ್ಲಾಕ್ ಇದ್ದು, ಪ್ರತಿ ಅವಧಿಯಲ್ಲಿ ಎರಡು ಬಿಟ್‌ಗಳು ದಾಟುತ್ತವೆ. ಅನೇಕ ವಿನ್ಯಾಸಗಳಲ್ಲಿ ಕೇಬಲ್ ಕಡೆಯ ಫೈ ಚಿಪ್ಪೇ ಈ ಕ್ಲಾಕನ್ನು ತಯಾರಿಸಿ ಮೈಕ್ರೋಕಂಟ್ರೋಲರ್‌ಗೆ ಕೊಡುತ್ತದೆ. ಕನೆಕ್ಟರೂ ಫೈ ಚಿಪ್ಪೂ ಬೋರ್ಡ್‌ನ ಒಂದು ಅಂಚಿನಲ್ಲಿ, ಮೈಕ್ರೋಕಂಟ್ರೋಲರ್ ಇನ್ನೊಂದು ಅಂಚಿನಲ್ಲಿ ಇದ್ದು, ನಡುವಿನ ಟ್ರೇಸ್ 150 ಮಿಲಿಮೀಟರ್ ಉದ್ದ, 50 ಓಮ್ ಎಂದು ಇಟ್ಟುಕೊಳ್ಳೋಣ. ಪೂರೈಕೆ 3.3 ವೋಲ್ಟ್, ಅಂಚು 1 ನ್ಯಾನೋಸೆಕೆಂಡ್, ಕಳುಹಿಸುವ ಪಿನ್‌ನ ಒಳರೋಧ 17 ಓಮ್. ಅಲೆ ಒಂದು ಕಡೆ ಹೋಗಲು 0.9 ನ್ಯಾನೋಸೆಕೆಂಡ್, ಹೋಗಿಬರಲು 1.8. ಅಂಚಿಗಿಂತ ಇದು ಹೆಚ್ಚು, ಆದ್ದರಿಂದ ಪ್ರತಿಫಲನ ಪೂರ್ತಿಯಾಗಿ ಬೆಳೆಯುತ್ತದೆ.

ಪಿನ್ ಮೇಲಕ್ಕೆ ತಿರುಗಿದ ಕ್ಷಣದಲ್ಲಿ ಅದಕ್ಕೆ ದೂರದ ಚಿಪ್ ಗೊತ್ತಿಲ್ಲ; ಎದುರಿಗೆ ಇರುವುದು 50 ಓಮ್‌ನ ಟ್ರೇಸ್ ಮಾತ್ರ. 17 ಮತ್ತು 50 ಓಮ್‌ಗಳ ನಡುವೆ 3.3 ವೋಲ್ಟ್ ಹಂಚಿಕೆಯಾಗಿ 2.46 ವೋಲ್ಟ್‌ನ ಅಲೆ ಹೊರಡುತ್ತದೆ. ಕೊನೆಯಲ್ಲಿರುವ ಸಿಮಾಸ್ ಇನ್‌ಪುಟ್ ಬಹುತೇಕ ತೆರೆದ ತುದಿ. ಅಲೆಯೊಂದಿಗೆ ಬಂದ ಕರೆಂಟ್‌ಗೆ ಅಲ್ಲಿ ಮುಂದೆ ಹೋಗಲು ದಾರಿ ಇಲ್ಲ. ಮುಚ್ಚಿದ ತೂಬಿಗೆ ಬಡಿದ ಕಾಲುವೆಯ ನೀರು ಅಲ್ಲೇ ಎದ್ದು ಹಿಂದಕ್ಕೆ ತಿರುಗುವಂತೆ, ಕರೆಂಟನ್ನು ಸೊನ್ನೆಯಾಗಿಸುವ ಇನ್ನೊಂದು ಅಲೆ ಅದೇ 2.46 ವೋಲ್ಟ್ ಎತ್ತರದಲ್ಲಿ ಹಿಂದಕ್ಕೆ ಹೊರಡುತ್ತದೆ. ಎರಡು ಅಲೆಗಳೂ ಕೂಡಿ ಕೊನೆಯ ಪಿನ್‌ನಲ್ಲಿ 4.93 ವೋಲ್ಟ್ ಕಾಣಿಸುತ್ತದೆ.

ಹಿಂದಕ್ಕೆ ಬಂದ ಅಲೆ ಮೂಲದಲ್ಲಿ 17 ಓಮ್ ಕಾಣುತ್ತದೆ. ಅಲ್ಲಿ ಎಷ್ಟು ಪಾಲು ಮರಳುತ್ತದೆ ಎಂಬುದನ್ನು ಪ್ರತಿಫಲನ ಗುಣಾಂಕ ಹೇಳುತ್ತದೆ:

```
Γ = (R − Z0) / (R + Z0) = (17 − 50) / (17 + 50) = −0.49
```

ಋಣ ಚಿಹ್ನೆ ಬಂದಿರುವುದರಿಂದ ಅಲೆ ತಲೆಕೆಳಗಾಗಿ, ಅರ್ಧದಷ್ಟಾಗಿ ಮತ್ತೆ ಕೊನೆಯ ಕಡೆಗೆ ಓಡುತ್ತದೆ. ಅಲ್ಲಿ ಮತ್ತೆ ದ್ವಿಗುಣವಾಗಿ ವೋಲ್ಟೇಜನ್ನು 4.93ರಿಂದ 2.50ಕ್ಕೆ ಎಳೆಯುತ್ತದೆ. ಇನ್ನೊಂದು ಸುತ್ತಿಗೆ 3.69, ಅದರ ನಂತರ 3.11, ಹೀಗೆ 3.3ರ ಆಚೀಚೆ ತೂಗಾಡುತ್ತ ಸುತ್ತಿಗೆ ಅರ್ಧರ್ಧ ಕಡಿಮೆಯಾಗುತ್ತದೆ. ಒಂದು ಪೂರ್ತಿ ಏರಿಳಿತಕ್ಕೆ ಅಲೆ ಟ್ರೇಸನ್ನು ನಾಲ್ಕು ಸಲ ದಾಟಬೇಕಾದ್ದರಿಂದ ರಿಂಗಿಂಗ್‌ನ ಅವಧಿ 3.6 ನ್ಯಾನೋಸೆಕೆಂಡ್, ಆವರ್ತನ ಸುಮಾರು 278 ಮೆಗಾಹರ್ಟ್ಸ್. ಈ ಸಂಬಂಧ ತುಂಬಾ ಉಪಯುಕ್ತ: ಆಸಿಲೋಸ್ಕೋಪ್‌ನಲ್ಲಿ ಕಂಡ ರಿಂಗಿಂಗ್‌ನ ಅವಧಿಯನ್ನು ನಾಲ್ಕರಿಂದ ಭಾಗಿಸಿದರೆ ಯಾವ ಉದ್ದದ ಟ್ರೇಸ್‌ನಿಂದ ಅದು ಹುಟ್ಟಿದೆ ಎಂದು ಅಂದಾಜಿಸಬಹುದು.

ಕೆಳಗಿಳಿಯುವ ಅಂಚಿನಲ್ಲಿ ಇದೇ ಕಥೆ ತಲೆಕೆಳಗಾಗಿ ನಡೆಯುತ್ತದೆ. ಪಿನ್ ಮೊದಲು −1.63 ವೋಲ್ಟ್‌ಗೆ ಇಳಿದು ನಂತರ +0.80ಕ್ಕೆ ಏರುತ್ತದೆ. ಟಿಟಿಎಲ್ ಮಟ್ಟಗಳ ಪ್ರಕಾರ 'ಕೆಳಗೆ' ಎಂದು ಖಚಿತವಾಗಿ ಓದಿಸಿಕೊಳ್ಳಬೇಕಾದ ವೋಲ್ಟೇಜಿನ ಮೇಲ್ಮಿತಿ 0.8 ವೋಲ್ಟ್. ಅಂದರೆ ಈ ಕ್ಲಾಕ್‌ಗೆ ಉಳಿದಿರುವ ಅಂತರ ಸೊನ್ನೆ. ಒಳರೋಧ 17ರ ಬದಲು 8 ಓಮ್ ಇರುವ ಬಲವಾದ ಬಫರ್ ಹಾಕಿದರೆ ಅದೇ ಮರುಏರಿಕೆ 1.7 ವೋಲ್ಟ್ ದಾಟುತ್ತದೆ. ಸ್ವೀಕರಿಸುವ ಚಿಪ್‌ನ ನಿಜವಾದ ನಿರ್ಧಾರ ಬಿಂದು ಸುಮಾರು 1.5 ವೋಲ್ಟ್ ಇರುವುದರಿಂದ ಅದಕ್ಕೆ ಇಲ್ಲದ ಒಂದು ಅಂಚು ಕಾಣುತ್ತದೆ. ಆರ್‌ಎಂಐಐಯಲ್ಲಿ ಒಂದು ಸುಳ್ಳು ಅಂಚು ಎಂದರೆ ಎರಡು ಹೆಚ್ಚುವರಿ ಬಿಟ್. ಇಡೀ ಫ್ರೇಮ್ ತನಿಖಾ ಮೊತ್ತದಲ್ಲಿ ಸೋಲುತ್ತದೆ. ಲಿಂಕ್ ದೀಪ ಉರಿಯುತ್ತಲೇ ಇರುತ್ತದೆ, ಪಿಂಗ್ ಆಗಾಗ ತಪ್ಪುತ್ತದೆ, ದೋಷ ತಂತ್ರಾಂಶದ್ದೆಂದು ಹುಡುಕಾಟ ಶುರುವಾಗುತ್ತದೆ.

ನಿಜವಾದ ಚಿಪ್‌ಗಳಲ್ಲಿ ಇನ್‌ಪುಟ್‌ನ ರಕ್ಷಣಾ ಡಯೋಡ್‌ಗಳು 4.93ರಂಥ ಎತ್ತರವನ್ನು ನಾಲ್ಕು ವೋಲ್ಟ್‌ನ ಆಸುಪಾಸಿನಲ್ಲಿ ತಡೆಯುತ್ತವೆ, ಹಾಗಾಗಿ ಕಾಣುವ ತರಂಗ ಲೆಕ್ಕಕ್ಕಿಂತ ಸೌಮ್ಯವಾಗಿರುತ್ತದೆ. ಅದನ್ನು ನೆಚ್ಚಿಕೊಂಡು ಕೂರುವುದು ಒಳ್ಳೆಯದಲ್ಲ. ಅನೇಕ 3.3 ವೋಲ್ಟ್ ಚಿಪ್‌ಗಳ ಡೇಟಾಶೀಟ್ ಪಿನ್ ವೋಲ್ಟೇಜನ್ನು ಪೂರೈಕೆಗಿಂತ 0.3ರಿಂದ 0.5 ವೋಲ್ಟ್ ಹೆಚ್ಚಿಗೆ ಮಾತ್ರ ಅನುಮತಿಸುತ್ತದೆ, ಮತ್ತು ಇಲ್ಲಿ ಆ ಡಯೋಡ್ ಸೆಕೆಂಡಿಗೆ ಐದು ಕೋಟಿ ಸಲ ಕರೆಂಟ್ ಹೊರಬೇಕಾಗುತ್ತದೆ.

33 ಓಮ್ ಕೂರಿಸಿದಾಗ

ಪರಿಹಾರದ ಸೂತ್ರ ಒಂದೇ ಸಾಲಿನದು:

```
Rs = Z0 − Rout = 50 − 17 = 33 Ω
```

ಈಗ ಪಿನ್ ಕಡೆಯ ಒಟ್ಟು ರೋಧ 50 ಓಮ್. ಹೊರಡುವ ಅಲೆ ಪೂರೈಕೆಯ ಸರಿಯಾಗಿ ಅರ್ಧ, 1.65 ವೋಲ್ಟ್. ಕೊನೆಯಲ್ಲಿ ಅದು ದ್ವಿಗುಣವಾಗಿ ಒಂದೇ ಏಟಿಗೆ 3.3 ವೋಲ್ಟ್ ಆಗುತ್ತದೆ, ಒಂದಿಷ್ಟೂ ಹೆಚ್ಚಿಲ್ಲ. ಹಿಂತಿರುಗಿದ ಅಲೆ 50 ಓಮ್ ಕಂಡು ಅಲ್ಲೇ ನಿಲ್ಲುತ್ತದೆ. ಕೊನೆಯ ಪ್ರತಿಫಲನವನ್ನು ಈ ವಿಧಾನ ತಡೆಯುವುದಿಲ್ಲ. ಪೂರ್ಣ ವೋಲ್ಟೇಜ್ ತಲುಪಲು ಅದೇ ಬೇಕು. ತಡೆಯುವುದು ಎರಡನೆಯ ಪ್ರತಿಫಲನವನ್ನು. ಸೀರೀಸ್ ಟರ್ಮಿನೇಶನ್‌ನ ಗುಣಗಳೂ ಮಿತಿಗಳೂ ಈ ಒಂದು ಸಂಗತಿಯಿಂದಲೇ ಬರುತ್ತವೆ.

ಮೊದಲು ಒಂದು ಗುಣ. ಅಲೆ ಹೋಗಿಬರುವ 1.8 ನ್ಯಾನೋಸೆಕೆಂಡ್ ಮಾತ್ರ 33 ಮಿಲಿಆಂಪಿಯರ್ ಕರೆಂಟ್ ಹರಿಯುತ್ತದೆ, ಆಮೇಲೆ ಏನೂ ಇಲ್ಲ. 50 ಮೆಗಾಹರ್ಟ್ಸ್‌ನಲ್ಲಿ ಈ ಟ್ರೇಸ್‌ಗೆ ಖರ್ಚಾಗುವುದು ಸುಮಾರು 10 ಮಿಲಿವ್ಯಾಟ್, ಅದರಲ್ಲಿ ರೆಸಿಸ್ಟರ್‌ನ ಪಾಲು ಆರೂವರೆ. ತೀರ ಚಿಕ್ಕ 0402 ಗಾತ್ರದ ರೆಸಿಸ್ಟರ್ ಸಾಕು. ಇದಕ್ಕೆ ಬದಲಾಗಿ ಕೊನೆಯಲ್ಲಿ 50 ಓಮ್ ರೆಸಿಸ್ಟರನ್ನು ಗ್ರೌಂಡ್‌ಗೆ ಕಟ್ಟುವ ಸಮಾಂತರ ಟರ್ಮಿನೇಶನ್ ಆಗಿದ್ದರೆ, ಕ್ಲಾಕ್ ಮೇಲಿದ್ದಷ್ಟು ಹೊತ್ತೂ 49 ಮಿಲಿಆಂಪಿಯರ್ ಹರಿದು ಸರಾಸರಿ 80 ಮಿಲಿವ್ಯಾಟ್ ಹೋಗುತ್ತಿತ್ತು, ಮತ್ತು ಕೊನೆಗೆ ಸಿಗುವ ಎತ್ತರ 2.46 ವೋಲ್ಟ್ ಮಾತ್ರ ಆಗಿರುತ್ತಿತ್ತು.

ಮಿತಿಯೂ ಅಲ್ಲಿಂದಲೇ. ಹೊರಟ ಅಲೆ ಅರ್ಧ ಎತ್ತರದ್ದು, ಉಳಿದ ಅರ್ಧ ಬರುವುದು ಹಿಂದಿರುಗುವಾಗ. ಆದ್ದರಿಂದ ಟ್ರೇಸ್‌ನ ಆರಂಭದಲ್ಲಿ ವೋಲ್ಟೇಜ್ 1.65ರಲ್ಲಿ ಮೆಟ್ಟಿಲಿನಂತೆ ನಿಂತು, ಅಲೆ ಮರಳಿದ ಮೇಲೆ 3.3ಕ್ಕೆ ಏರುತ್ತದೆ. ಟ್ರೇಸ್‌ನ ನಡುಮಧ್ಯದಲ್ಲೂ ಇದೇ ಮೆಟ್ಟಿಲು 0.9 ನ್ಯಾನೋಸೆಕೆಂಡಿನಷ್ಟು ಇರುತ್ತದೆ. ಅದು ನಿಲ್ಲುವುದೋ ಸರಿಯಾಗಿ ಚಿಪ್‌ಗಳ ನಿರ್ಧಾರ ಬಿಂದುವಿನ ಬಳಿ. ದಾರಿಯ ನಡುವೆ ಇನ್ನೊಂದು ಚಿಪ್‌ಗೆ ಅದೇ ಕ್ಲಾಕ್ ಕೊಟ್ಟರೆ ಆ ಚಿಪ್ ಗೊಂದಲಕ್ಕೆ ಬೀಳುವುದು ಇದರಿಂದಲೇ. ಸೀರೀಸ್ ಟರ್ಮಿನೇಶನ್ ಮಾಡಿದ ಟ್ರೇಸ್‌ಗೆ ಸ್ವೀಕರಿಸುವವರು ಕೊನೆಯಲ್ಲಿ ಮಾತ್ರ ಇರಬೇಕು.

ಬೆಲೆ ಆರಿಸುವುದು

33ನ್ನು ಅಷ್ಟು ಸುಲಭವಾಗಿ ಪಡೆದದ್ದು 17 ಮತ್ತು 50 ನಮಗೆ ಗೊತ್ತಿದ್ದುದರಿಂದ. ನಿಜವಾದ ಕೆಲಸದಲ್ಲಿ ಇವೆರಡೂ ಅನುಮಾನದವು. ಒಳರೋಧವನ್ನು ಡೇಟಾಶೀಟ್‌ನಿಂದ ಅಂದಾಜಿಸಬಹುದು: 24 ಮಿಲಿಆಂಪಿಯರ್ ಹರಿಸಿದಾಗ 'ಕೆಳಗಿನ' ಮಟ್ಟ 0.4 ವೋಲ್ಟ್ ಎಂದಿದ್ದರೆ ಸುಮಾರು 17 ಓಮ್. ಆದರೆ ಡೇಟಾಶೀಟ್ ಕೊಡುವುದು ಸಾಮಾನ್ಯವಾಗಿ ಅತಿ ಕೆಟ್ಟ ಸಂದರ್ಭದ ಅಂಕಿ. ಕೈಯಲ್ಲಿರುವ ಚಿಪ್‌ನ ಒಳರೋಧ ಅದಕ್ಕಿಂತ ಕಡಿಮೆ ಇರುತ್ತದೆ. ತಯಾರಕರು ಕೊಡುವ ಐಬಿಸ್ ಮಾದರಿಯ ಕಡತದಲ್ಲಿ ಪಿನ್‌ನ ಪೂರ್ತಿ ವೋಲ್ಟೇಜ್-ಕರೆಂಟ್ ರೇಖೆ ಇರುವುದರಿಂದ ಅದು ಹೆಚ್ಚು ನಂಬಿಕೆಗೆ ಅರ್ಹ. ಅಲ್ಲೂ ಮೇಲಕ್ಕೆ ಎಳೆಯುವ ಟ್ರಾನ್ಸಿಸ್ಟರ್ ಮತ್ತು ಕೆಳಕ್ಕೆ ಎಳೆಯುವ ಟ್ರಾನ್ಸಿಸ್ಟರ್‌ಗಳ ರೋಧ ಬೇರೆಬೇರೆ ಇರುತ್ತದೆ, ಬಿಸಿಯೇರಿದಂತೆ ಎರಡೂ ಬದಲಾಗುತ್ತವೆ. ಒಂದೇ ರೆಸಿಸ್ಟರ್ ಇವೆಲ್ಲಕ್ಕೂ ಕರಾರುವಾಕ್ಕಾಗಿ ಹೊಂದಲಾರದು.

ಅದೃಷ್ಟಕ್ಕೆ ಈ ವಿಧಾನ ತಪ್ಪನ್ನು ಸಾಕಷ್ಟು ಸಹಿಸುತ್ತದೆ. ನಮ್ಮ ಉದಾಹರಣೆಯಲ್ಲಿ 33ರ ಬದಲು 22 ಓಮ್ ಹಾಕಿದರೆ ಕೊನೆಯಲ್ಲಿ 3.71 ವೋಲ್ಟ್ ಮುಟ್ಟಿ, ನಂತರ 3.25ಕ್ಕೆ ಬಂದು ನಿಲ್ಲುತ್ತದೆ; ಓವರ್‌ಶೂಟ್ ಶೇ. 12. 47 ಓಮ್ ಹಾಕಿದರೆ ಮೊದಲು 2.89ಕ್ಕೆ ಏರಿ, 1.8 ನ್ಯಾನೋಸೆಕೆಂಡ್ ತಡೆದು 3.25 ಆಗುತ್ತದೆ. ಎರಡರಲ್ಲೂ ಕ್ಲಾಕ್ ಕೆಲಸ ಮಾಡುತ್ತದೆ. ಸಂದೇಹವಿದ್ದರೆ ನಾನು ತುಸು ಹೆಚ್ಚಿನ ಬೆಲೆಯ ಕಡೆಗೆ ವಾಲುವುದೇ ಸರಿ ಎನ್ನುತ್ತೇನೆ: ಮೊದಲ ಮೆಟ್ಟಿಲು ನಿರ್ಧಾರ ಬಿಂದುವಿಗಿಂತ ಸಾಕಷ್ಟು ಮೇಲಿರುವ ತನಕ ಹೆಚ್ಚಿನ ರೋಧದಿಂದ ಹಾನಿ ಅಲ್ಪ, ಕಡಿಮೆ ರೋಧದಿಂದ ಪಿನ್‌ಗೆ ಏಟು.

Z0ಯ ಅನುಮಾನ ಬೋರ್ಡ್‌ನ ರಚನೆಯಿಂದ ಬರುತ್ತದೆ. ನಾಲ್ಕು ಪದರದ ಬೋರ್ಡ್‌ನಲ್ಲಿ ಗ್ರೌಂಡ್ ಪದರ 0.2 ಮಿಲಿಮೀಟರ್ ಕೆಳಗಿದ್ದರೆ ಸುಮಾರು 0.35 ಮಿಲಿಮೀಟರ್ ಅಗಲದ ಟ್ರೇಸ್ 50 ಓಮ್ ಕೊಡುತ್ತದೆ. 1.6 ಮಿಲಿಮೀಟರ್ ದಪ್ಪದ ಎರಡು ಪದರದ ಬೋರ್ಡ್‌ನಲ್ಲಿ ಕಾಲು ಮಿಲಿಮೀಟರ್ ಅಗಲದ ಟ್ರೇಸ್‌ನ ಇಂಪೀಡೆನ್ಸ್ 130 ಓಮ್ ಸಮೀಪ. ಅಲ್ಲಿಗೆ ಬೇರೊಬ್ಬರ ನಾಲ್ಕು ಪದರದ ವಿನ್ಯಾಸದಿಂದ 33 ಓಮ್ ನಕಲು ಮಾಡಿದರೆ ರಿಂಗಿಂಗ್ ತಗ್ಗುತ್ತದೆಯೇ ಹೊರತು ನಿಲ್ಲುವುದಿಲ್ಲ.

ಎಲ್ಲಿ ಕೂರಿಸಬೇಕು

ರೆಸಿಸ್ಟರ್ ಕಳುಹಿಸುವ ಪಿನ್‌ನ ಪಕ್ಕದಲ್ಲೇ ಇರಬೇಕು. ಒಂದು ನ್ಯಾನೋಸೆಕೆಂಡಿನ ಅಂಚಿಗೆ 10 ಮಿಲಿಮೀಟರ್ ಒಳಗೆ ಇದ್ದರೆ ಸಾಕು. ಪಿನ್ ಮತ್ತು ರೆಸಿಸ್ಟರ್ ನಡುವಿನ ತುಂಡು ಅಷ್ಟು ಚಿಕ್ಕದಿದ್ದಾಗ ಅವೆರಡೂ ಸೇರಿ ಒಂದೇ 50 ಓಮ್‌ನಂತೆ ವರ್ತಿಸುತ್ತವೆ. ಸ್ಕೀಮ್ಯಾಟಿಕ್‌ನಲ್ಲಿ ಈ ಸ್ಥಾನದ ಸುಳಿವೇ ಇರುವುದಿಲ್ಲ. ಅಲ್ಲಿ ರೆಸಿಸ್ಟರ್ ಎರಡು ಚಿಪ್‌ಗಳ ನಡುವೆ ಎಲ್ಲೋ ಇದೆ ಅಷ್ಟೆ, ಲೇಔಟ್ ಮಾಡುವವರು ಜಾಗ ಸಿಕ್ಕ ಕಡೆ, ಎಷ್ಟೋ ಸಲ ಸ್ವೀಕರಿಸುವ ಚಿಪ್‌ನ ಬಳಿ, ಇಟ್ಟುಬಿಡುತ್ತಾರೆ. ಅಲ್ಲಿ ಅದರ ಮುಂದೆ ಇರುವುದು ಇನ್‌ಪುಟ್‌ನ ಕೆಲವು ಪಿಕೋಫ್ಯಾರಡ್ ಮಾತ್ರ. ಅಲೆ ಪೂರ್ತಿ 2.46 ವೋಲ್ಟ್‌ನೊಂದಿಗೆ ಬಂದು ಬಹುತೇಕ ಹಾಗೆಯೇ ಮರಳುತ್ತದೆ, ಮೂಲದ 17 ಓಮ್‌ನಿಂದ ಮತ್ತೆ ತಲೆಕೆಳಗಾಗಿ ಬರುತ್ತದೆ. ಅಂಚಿನ ಮೊನೆ ತುಸು ಮೊಂಡಾಗಬಹುದು, ರಿಂಗಿಂಗ್ ಮಾತ್ರ ಉಳಿಯುತ್ತದೆ. ಸ್ಕೀಮ್ಯಾಟಿಕ್‌ನಲ್ಲೇ 'ಮೂಲದ ಪಿನ್ ಬಳಿ ಇಡಿ' ಎಂದು ಬರೆದಿಡುವುದರಿಂದ ಇದು ತಪ್ಪುತ್ತದೆ.

ರೆಸಿಸ್ಟರ್ ಸೇರಿಸಿದರೆ ಅಂಚು ನಿಧಾನವಾಗುತ್ತದೆಂಬ ಭಯವೂ ಇದೆ. ರೆಸಿಸ್ಟರನ್ನು ಟ್ರೇಸ್‌ನ ಒಟ್ಟು ಕೆಪಾಸಿಟೆನ್ಸ್‌ನಿಂದ ಗುಣಿಸಿ ದೊಡ್ಡ ಅಂಕಿ ಪಡೆಯುವುದು ಇಲ್ಲಿ ಅನ್ವಯಿಸದ ಲೆಕ್ಕ. ಕೊನೆಯ ಇನ್‌ಪುಟ್ ಕೆಪಾಸಿಟೆನ್ಸನ್ನು ತುಂಬುವುದು ಟ್ರೇಸ್‌ನ 50 ಓಮ್. 5 ಪಿಕೋಫ್ಯಾರಡ್ ಇನ್‌ಪುಟ್‌ಗೆ ಅದರ ಕಾಲಸ್ಥಿರಾಂಕ ಕಾಲು ನ್ಯಾನೋಸೆಕೆಂಡ್, ಒಂದು ನ್ಯಾನೋಸೆಕೆಂಡಿನ ಅಂಚು ಸುಮಾರು 1.14 ಆಗುತ್ತದೆ.

ಎರಡು ಚಿಪ್‌ಗಳಿಗೆ ಒಂದೇ ಕ್ಲಾಕ್

ಆರ್‌ಎಂಐಐಯ ಇನ್ನೊಂದು ಬಗೆಯ ಜೋಡಣೆಯಲ್ಲಿ ಪ್ರತ್ಯೇಕ 50 ಮೆಗಾಹರ್ಟ್ಸ್ ಆಸಿಲೇಟರ್ ಇದ್ದು, ಅದರ ಒಂದೇ ಪಿನ್‌ನಿಂದ ಫೈ ಚಿಪ್‌ಗೂ ಮೈಕ್ರೋಕಂಟ್ರೋಲರ್‌ಗೂ ಕ್ಲಾಕ್ ಹೋಗುತ್ತದೆ. ಮೂಲದ ಬಳಿಯೇ ಟ್ರೇಸನ್ನು ಎರಡಾಗಿ ಒಡೆದು, ಎರಡೂ ಕವಲುಗಳನ್ನು ಸಮಾನ ಉದ್ದಕ್ಕೆ ಎಳೆದು, ಒಂದೊಂದಕ್ಕೂ ತನ್ನದೇ ರೆಸಿಸ್ಟರ್ ಕೊಡುವುದು ಇದಕ್ಕಿರುವ ದಾರಿ. ಆದರೆ ಇಲ್ಲೂ 33 ಓಮ್ ಹಾಕುವುದು ತಪ್ಪಾಗುತ್ತದೆ. 17 ಓಮ್‌ನ ಒಳರೋಧದ ಮೂಲಕ ಈಗ ಎರಡು ಕವಲುಗಳ ಕರೆಂಟ್ ಒಟ್ಟಿಗೆ ಹರಿಯುವುದರಿಂದ ಪ್ರತಿ ಕವಲಿಗೂ ಅದು 34 ಓಮ್‌ನಂತೆ ಕಾಣುತ್ತದೆ:

```
Rs = Z0 − N × Rout = 50 − 2 × 17 = 16 Ω
```

15 ಓಮ್ ಅಥವಾ 16 ಓಮ್ ಸರಿ. ಮೂರು ಕವಲುಗಳಾದರೆ ಉತ್ತರ ಸೊನ್ನೆಗಿಂತ ಕೆಳಗೆ ಹೋಗುತ್ತದೆ, ಅಂದರೆ ಆ ಪಿನ್‌ನಿಂದ ಅದು ಆಗದ ಕೆಲಸ. ಆಗ ಪ್ರತಿ ಸ್ವೀಕರಿಸುವವರಿಗೂ ಬೇರೆ ಔಟ್‌ಪುಟ್ ಕೊಡುವ ಕ್ಲಾಕ್ ಬಫರ್ ಬೇಕು. ಕವಲುಗಳ ಉದ್ದ ಅಸಮಾನವಾದರೆ ಒಂದರ ಪ್ರತಿಫಲನ ಬೇಗ ಬಂದು ಇನ್ನೊಂದರೊಳಗೆ ನುಸುಳುತ್ತದೆ. ಸೂತ್ರದ ಆಧಾರವೇ ಅಲ್ಲಿ ಇರುವುದಿಲ್ಲ.

ಅಳೆದು ನೋಡುವುದು

100 ಮೆಗಾಹರ್ಟ್ಸ್‌ನ ಆಸಿಲೋಸ್ಕೋಪ್ ಸ್ವತಃ 3.5 ನ್ಯಾನೋಸೆಕೆಂಡಿನ ಅಂಚಿಗಿಂತ ವೇಗವಾದುದನ್ನು ತೋರಿಸಲಾರದು. ನಮ್ಮ 278 ಮೆಗಾಹರ್ಟ್ಸ್ ರಿಂಗಿಂಗ್ ಅದರಲ್ಲಿ ಮೂರನೆಯ ಒಂದು ಭಾಗಕ್ಕೆ ಕುಗ್ಗಿ, ಕ್ಲಾಕ್ ನಿರಪಾಯಕಾರಿಯಾಗಿ ಕಾಣುತ್ತದೆ. ಕನಿಷ್ಠ 500 ಮೆಗಾಹರ್ಟ್ಸ್ ಬೇಕು. ಪ್ರೋಬ್‌ನ ಗ್ರೌಂಡ್ ತಂತಿ ಇದಕ್ಕೆ ವಿರುದ್ಧವಾದ ಮೋಸ ಮಾಡುತ್ತದೆ: ಮೊಸಳೆ ಕ್ಲಿಪ್‌ನ ಉದ್ದ ತಂತಿಯ ಸುಮಾರು 100 ನ್ಯಾನೋಹೆನ್ರಿ ಮತ್ತು ಪ್ರೋಬ್‌ನ 10 ಪಿಕೋಫ್ಯಾರಡ್ ಸೇರಿ 160 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ತಾವೇ ರಿಂಗ್ ಆಗುತ್ತವೆ. ಆ ತಂತಿಯನ್ನು ತೆಗೆದು ಪ್ರೋಬ್‌ನ ಮೂತಿಗೆ ಸಿಕ್ಕಿಸುವ ಚಿಕ್ಕ ಸ್ಪ್ರಿಂಗ್‌ನಿಂದ ಪಕ್ಕದ ಗ್ರೌಂಡ್ ಮುಟ್ಟಿದಾಗ ರಿಂಗಿಂಗ್ ಬದಲಾದರೆ, ಕಂಡದ್ದು ಪ್ರೋಬ್‌ನದು.

ಓವರ್‌ಶೂಟ್ ನೋಡಬೇಕಾದದ್ದು ಸ್ವೀಕರಿಸುವ ಪಿನ್‌ನಲ್ಲಿ. ಮೂಲದ ಬಳಿ ಪ್ರೋಬ್ ಇಟ್ಟು, ಅಲ್ಲಿ ಕಂಡ ಮೆಟ್ಟಿಲನ್ನು ದೋಷವೆಂದು ತಿಳಿದು, ಅದು ಮಾಯವಾಗುವ ತನಕ ರೆಸಿಸ್ಟರ್ ಬೆಲೆ ಇಳಿಸಿದರೆ ಕೊನೆಯಲ್ಲಿ ರಿಂಗಿಂಗ್ ಮರಳುತ್ತದೆ. ಆ ಮೆಟ್ಟಿಲು ದೋಷವಲ್ಲ, ಅದೊಂದು ಮಾಪಕ. ರೆಸಿಸ್ಟರ್‌ನ ಟ್ರೇಸ್ ಕಡೆಯ ತುದಿಯಲ್ಲಿ ಅದು ಪೂರೈಕೆಯ ಸರಿ ಅರ್ಧದಲ್ಲಿದ್ದರೆ ಬೆಲೆ ಹೊಂದಿದೆ; ಅರ್ಧಕ್ಕಿಂತ ಮೇಲಿದ್ದರೆ ರೆಸಿಸ್ಟರ್ ಚಿಕ್ಕದು, ಕೆಳಗಿದ್ದರೆ ದೊಡ್ಡದು. ಪಿನ್ ಕಡೆಯ ತುದಿಯನ್ನೂ ಅದೇ ಹೊತ್ತಿನಲ್ಲಿ ಅಳೆದರೆ ಅನುಮಾನದ ಎರಡೂ ಅಂಕಿಗಳು ಸಿಗುತ್ತವೆ. ಪಿನ್‌ನಲ್ಲಿ 2.74, ಟ್ರೇಸ್ ಕಡೆ 1.65 ವೋಲ್ಟ್ ಎಂದಾದರೆ, 33 ಓಮ್‌ನ ಮೇಲೆ 1.09 ವೋಲ್ಟ್ ಇದೆ, ಕರೆಂಟ್ 33 ಮಿಲಿಆಂಪಿಯರ್. ಆಗ 1.65ನ್ನು ಅದರಿಂದ ಭಾಗಿಸಿದರೆ ಟ್ರೇಸ್‌ನ 50 ಓಮ್, 3.3ಕ್ಕೆ ಕೊರತೆಯಾದ 0.56 ವೋಲ್ಟನ್ನು ಭಾಗಿಸಿದರೆ ಪಿನ್‌ನ 17 ಓಮ್. ಟ್ರೇಸ್ ಚಿಕ್ಕದಾಗಿ, ಹೋಗಿಬರುವ ಸಮಯ ಅಂಚಿನಷ್ಟೇ ಇದ್ದರೆ ಮೆಟ್ಟಿಲು ಸಮತಟ್ಟಾಗುವ ಮೊದಲೇ ಮುಗಿಯುವುದರಿಂದ ಈ ಅಳತೆ ಸಾಧ್ಯವಾಗುವುದಿಲ್ಲ. ಕೆಳಗಿಳಿಯುವ ಅಂಚಿಗೂ ಇದನ್ನೇ ಮತ್ತೊಮ್ಮೆ ಮಾಡಿ, ಎರಡು ಒಳರೋಧಗಳ ನಡುವಿನ ಬೆಲೆಗೆ ಹೊಂದುವಂತೆ ರೆಸಿಸ್ಟರ್ ಆರಿಸಬೇಕು.